ಏಕಾದಶಿ ವಿಡಿಯೊದಲ್ಲಿ ಮೊದಲು ಬರಬೇಕಾದ ಒಂದು ನಿಮಿಷ

ಏಕಾದಶಿ ಉಪವಾಸವನ್ನು ವಿವರಿಸುವ ಕನ್ನಡ ವಿಡಿಯೊಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಸಾಗುತ್ತವೆ. ತಿಥಿ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ದಶಮಿಯ ದಿನ ಹೇಗಿರಬೇಕು, ಏಕಾದಶಿಯಂದು ಏನನ್ನು ಮುಟ್ಟಬಾರದು, ದ್ವಾದಶಿಯ ಪಾರಣೆ ಯಾವ ಹೊತ್ತಿನೊಳಗೆ ಆಗಬೇಕು, ಕೊನೆಗೆ ವ್ರತದ ಫಲ. ಎಲ್ಲ ಮುಗಿದ ಮೇಲೆ ಪರದೆಯ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲು ಹಾದುಹೋಗುತ್ತದೆ: ಆರೋಗ್ಯ ಸಮಸ್ಯೆ ಇರುವವರು ವೈದ್ಯರ ಸಲಹೆ ಪಡೆಯಿರಿ. ಆ ಸಾಲು ಯಾರಿಗಾಗಿ ಇದೆಯೋ ಅವರಲ್ಲಿ ಹೆಚ್ಚಿನವರಿಗೆ ಫೋನಿನ ಪರದೆಯ ಸಣ್ಣಕ್ಷರ ಕಾಣುವುದಿಲ್ಲ. ಕಂಡರೂ ತಮಗೆ ಅನ್ವಯಿಸುತ್ತದೆ ಎಂದು ಅನ್ನಿಸುವುದಿಲ್ಲ. ನಲವತ್ತು ವರ್ಷದಿಂದ ಏಕಾದಶಿ ಮಾಡಿಕೊಂಡು ಬಂದ ಅಜ್ಜಿ ಶುಗರ್ ಮಾತ್ರೆಯನ್ನು ಒಂದು ಕಾಯಿಲೆ ಎಂದೇ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ವಿಡಿಯೊ ಮಾಡುವವರು ಈ ಆರೋಗ್ಯದ ಮಾತನ್ನು ಸರಿಯಾಗಿ ಹೇಳಬೇಕಾದರೆ ಉಪವಾಸದ ಹೊತ್ತಿನಲ್ಲಿ ಮೈಯೊಳಗೆ ಏನಾಗುತ್ತದೆ, ಯಾವ ಮಾತ್ರೆ ಎಲ್ಲಿ ತೊಂದರೆ ಕೊಡುತ್ತದೆ, ವ್ರತದ ಕಟ್ಟಳೆಯೊಳಗೇ ಎಷ್ಟು ಸಡಿಲಿಕೆ ಇದೆ ಎಂಬುದನ್ನು ತಿಳಿದಿರಬೇಕು.

ಮೊದಲು ಉಪವಾಸದ ಉದ್ದ. ಏಕಾದಶಿ ಎಂದರೆ ಒಂದು ದಿನದ ಉಪವಾಸ ಎಂದು ಬಾಯಿಮಾತಿಗೆ ಹೇಳುತ್ತೇವೆ. ಆದರೆ ಕಟ್ಟುನಿಟ್ಟಾಗಿ ಆಚರಿಸುವ ಮನೆಗಳಲ್ಲಿ ದಶಮಿಯಂದು ಒಂದೇ ಹೊತ್ತಿನ ಊಟ. ಮಧ್ಯಾಹ್ನ ಒಂದು ಗಂಟೆಗೆ ಎಲೆಯಿಂದ ಎದ್ದವರು ದ್ವಾದಶಿ ಬೆಳಗ್ಗೆ ಏಳಕ್ಕೆ ಪಾರಣೆ ಮಾಡಿದರೆ ನಡುವೆ 42 ಗಂಟೆ ಕಳೆದಿರುತ್ತದೆ. ನಿರ್ಜಲವಾದರೆ ಏಕಾದಶಿಯ ಇಡೀ ದಿನ ನೀರೂ ಇಲ್ಲ. ನಿರ್ಜಲ ಏಕಾದಶಿ ಬರುವುದು ಜ್ಯೇಷ್ಠ ಶುಕ್ಲದಲ್ಲಿ, ಅಂದರೆ ಮೇ ಕೊನೆ ಅಥವಾ ಜೂನ್‌ನ ಸೆಕೆಯಲ್ಲಿ. ವೈಕುಂಠ ಏಕಾದಶಿಯಂದು ಸೆಕೆ ಇರುವುದಿಲ್ಲ, ಅದರ ಬದಲು ದೇವಸ್ಥಾನದ ಸಾಲಿನಲ್ಲಿ ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಲ್ಲುವುದಿರುತ್ತದೆ.

ಊಟ ನಿಂತ ಮೇಲೆ ರಕ್ತದಲ್ಲಿನ ಸಕ್ಕರೆ ಬೀಳದಂತೆ ನೋಡಿಕೊಳ್ಳುವುದು ಲಿವರ್. ಅದರಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಇರುತ್ತದೆ. ಸುಮಾರು ಒಂದು ದಿನದಲ್ಲಿ ಆ ದಾಸ್ತಾನು ಬಹುಮಟ್ಟಿಗೆ ಬರಿದಾಗುತ್ತದೆ. ಆಮೇಲೆ ದೇಹ ಕೊಬ್ಬನ್ನು ಉರಿಸುತ್ತದೆ. ಮಿದುಳಿಗೆ ಬೇಕಾದ ಸಕ್ಕರೆಯನ್ನು ಲಿವರ್ ಪ್ರೋಟೀನು ಮೊದಲಾದವುಗಳಿಂದ ಹೊಸದಾಗಿ ತಯಾರಿಸುತ್ತದೆ. ಈ ಬದಲಾವಣೆ ಸುಗಮವಾಗಿ ನಡೆಯಲು ಇನ್ಸುಲಿನ್ ಮಟ್ಟ ತಾನಾಗಿ ಕೆಳಗಿಳಿಯಬೇಕು. ಆರೋಗ್ಯವಂತರಲ್ಲಿ ಹಾಗೇ ಆಗುತ್ತದೆ. ಅವರಿಗೆ ಹಸಿವು, ಸುಸ್ತು, ಸ್ವಲ್ಪ ತಲೆನೋವು ಬರಬಹುದು, ಅಷ್ಟೇ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಕೆಲವರಲ್ಲಿ ಮಾತ್ರ ಇನ್ಸುಲಿನ್ ಇಳಿಯಬೇಕಾದ ಹೊತ್ತಿನಲ್ಲಿ ಮಾತ್ರೆ ಅದನ್ನು ಬಲವಂತವಾಗಿ ಏರಿಸುತ್ತಿರುತ್ತದೆ.

ಆದ್ದರಿಂದ ‘ಮಧುಮೇಹಿಗಳು ಉಪವಾಸ ಮಾಡಬಹುದೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಮಾತ್ರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಗುಂಪಿನ ಕತೆ ಬೇರೆ. ಇವು ಊಟ ಬಂದಿದೆಯೋ ಇಲ್ಲವೋ ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಗ್ಲಿಬೆನ್‌ಕ್ಲಮೈಡ್ ದೇಹದಲ್ಲಿ ದೀರ್ಘಕಾಲ ಕೆಲಸ ಮಾಡುತ್ತದೆ. ಕಿಡ್ನಿ ಬಡವಾದ ವೃದ್ಧರಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ, ಹಾಗಾಗಿ ಒಮ್ಮೆ ಸರಿಪಡಿಸಿದ ಸಕ್ಕರೆ ಮತ್ತೆ ಬೀಳಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅಪಾಯ ಎರಡೂ ಕಡೆಯಿಂದ. ಎಂದಿನ ಪ್ರಮಾಣ ಚುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ. ‘ಹೇಗೂ ಊಟ ಇಲ್ಲವಲ್ಲ’ ಎಂದು ಪೂರ್ತಿ ಬಿಟ್ಟರೆ, ಮುಖ್ಯವಾಗಿ ಟೈಪ್ 1 ಮಧುಮೇಹ ಇರುವವರಲ್ಲಿ, ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ಸ್ಥಿತಿ ಒದಗುತ್ತದೆ. ಅದು ಆಸ್ಪತ್ರೆಯಲ್ಲೇ ನೋಡಬೇಕಾದ ಕಾಯಿಲೆ.

ಇತ್ತೀಚೆಗೆ ಹೆಚ್ಚು ಬಳಕೆಗೆ ಬಂದಿರುವ ಇನ್ನೊಂದು ಗುಂಪು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನೀರು ಕುಡಿಯದ ದಿನ ಇವು ದೇಹವನ್ನು ಬೇಗ ಒಣಗಿಸುತ್ತವೆ. ದೀರ್ಘ ಉಪವಾಸದಲ್ಲಿ ಇವುಗಳಿಂದ ಬರಬಹುದಾದ ಕೀಟೋಅಸಿಡೋಸಿಸ್‌ನ ವಿಶೇಷ ಎಂದರೆ ಗ್ಲುಕೋಮೀಟರಿನ ಅಂಕಿ ತೀರಾ ಹೆಚ್ಚಿರುವುದೇ ಇಲ್ಲ. ವಾಕರಿಕೆ, ವಾಂತಿ, ಹೊಟ್ಟೆನೋವು, ಜೋರು ಉಸಿರು ಇದ್ದರೂ ‘ಶುಗರ್ ಅಷ್ಟೇನಿಲ್ಲ, ಪಿತ್ತ ಇರಬೇಕು’ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಈ ಮಾತ್ರೆಗಳನ್ನು ಉಪವಾಸಕ್ಕೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗಬಹುದು. ಹೃದಯ ಅಥವಾ ಕಿಡ್ನಿಯ ರಕ್ಷಣೆಗೆ ಕೊಟ್ಟಿದ್ದರೆ ಸುಮ್ಮನೆ ನಿಲ್ಲಿಸುವಂತೆಯೂ ಇಲ್ಲ. ಅದನ್ನು ಮಾತ್ರೆ ಬರೆದುಕೊಟ್ಟ ವೈದ್ಯರೇ ತೀರ್ಮಾನಿಸಬೇಕು.

ಒಂದು ಉದಾಹರಣೆಯನ್ನು ಗಂಟೆ ಗಂಟೆಗೆ ನೋಡಿದರೆ ವಿಷಯ ತಿಳಿಯಾಗುತ್ತದೆ. ವಯಸ್ಸು 68, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಮಹಿಳೆ ಎಂದಿಟ್ಟುಕೊಳ್ಳಿ. ಬೆಳಗಿನ ತಿಂಡಿಗೆ ಮುಂಚೆ 2 ಮಿಲಿಗ್ರಾಂ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮತ್ತು ವೋಗ್ಲಿಬೋಸ್ ಸೇರಿದ ಒಂದು ಮಾತ್ರೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಅಂಶ ಸೇರಿದ ಇನ್ನೊಂದು. ದಶಮಿಯ ಮಧ್ಯಾಹ್ನ ಊಟ ಮಾಡಿದ್ದಾರೆ, ರಾತ್ರಿ ಇಲ್ಲ. ಏಕಾದಶಿ ಬೆಳಗ್ಗೆ ಸ್ನಾನ, ಮಡಿ, ಪೂಜೆ. ‘ಮಾತ್ರೆ ಮಾತ್ರ ತಪ್ಪಿಸಬಾರದು’ ಎಂದು ಡಾಕ್ಟರು ಯಾವಾಗಲೋ ಹೇಳಿದ್ದು ನೆನಪಿದೆ, ಹಾಗಾಗಿ ಒಂದು ಗುಟುಕು ತೀರ್ಥದ ಜೊತೆ ಎರಡನ್ನೂ ನುಂಗುತ್ತಾರೆ. ಅವರ ದೃಷ್ಟಿಯಲ್ಲಿ ಇದು ಶಿಸ್ತು.

ಹನ್ನೊಂದರ ಹೊತ್ತಿಗೆ ಗ್ಲಿಮೆಪಿರೈಡ್ ಪೂರ್ಣ ಪ್ರಭಾವದಲ್ಲಿರುತ್ತದೆ. ಕೊನೆಯ ಊಟವಾಗಿ 22 ಗಂಟೆ ದಾಟಿದೆ. ಮೊದಲು ಬರುವುದು ತಣ್ಣನೆಯ ಬೆವರು, ಕೈ ನಡುಕ, ಎದೆ ಬಡಿತ. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ, ಏಕೆಂದರೆ ನೀರಿನಂಶ ಕಡಿಮೆಯಾಗಿ ರಕ್ತದೊತ್ತಡವೂ ಇಳಿದಿದೆ. ಈ ಹಂತದಲ್ಲಿ ಬೆರಳು ಚುಚ್ಚಿ ನೋಡಿದರೆ 62 ತೋರಿಸೀತು. 70ಕ್ಕಿಂತ ಕೆಳಗಿನ ಅಂಕಿ ಎಂದರೆ ಸಕ್ಕರೆ ಕುಸಿದಿದೆ, ತಕ್ಷಣ ಉಪವಾಸ ಬಿಡಬೇಕು ಎಂದರ್ಥ. ಅವರು ಚುಚ್ಚಿ ನೋಡುವುದಿಲ್ಲ. ರಕ್ತ ಬಂದರೆ ಮಡಿ ಕೆಡುತ್ತದೆ ಎಂಬ ಅಳುಕು ಒಂದು ಕಡೆ, ‘ಇನ್ನು ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ’ ಎಂಬ ಅಭ್ಯಾಸ ಇನ್ನೊಂದು ಕಡೆ. ಮಲಗುತ್ತಾರೆ. ಕೆಟ್ಟ ಆಯ್ಕೆ ಇದೇ. ಸಕ್ಕರೆ ಇನ್ನೂ ಇಳಿದರೆ ಮಾತು ತೊದಲುತ್ತದೆ, ಎದುರಿಗಿದ್ದವರ ಗುರುತು ತಪ್ಪುತ್ತದೆ, ಕಾರಣವಿಲ್ಲದೆ ಸಿಡುಕುತ್ತಾರೆ. ವಯಸ್ಸಾದವರಲ್ಲಿ ಬೆವರು ನಡುಕಗಳಿಲ್ಲದೆ ಇದೇ ಮೊದಲ ಲಕ್ಷಣವೂ ಆಗಬಹುದು. ಮನೆಯವರು ಅದನ್ನು ಅರಳುಮರಳು ಎಂದೋ ಲಕ್ವ ಎಂದೋ ತಿಳಿಯುತ್ತಾರೆ. ಹೃದಯಕ್ಕೆ ಅಥವಾ ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆ ಬಡಿತ ಕಾಣಿಸದೇ ಇರಬಹುದು. ಬೆವರು ಮಾತ್ರ ಮುಚ್ಚಿಹೋಗುವುದಿಲ್ಲ.

ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಉಪಚಾರ ಸರಳ. 15 ಗ್ರಾಂನಷ್ಟು, ಅಂದರೆ ಸುಮಾರು ಮೂರು ಚಹಾ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸುವುದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು, 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡುವುದು. ಸಾಮಾನ್ಯವಾಗಿ ಅಡುಗೆಮನೆಯ ಸಕ್ಕರೆಯೂ ಇದಕ್ಕೆ ಸಾಕು. ಆದರೆ ಈ ಮಹಿಳೆಯ ಮಾತ್ರೆಯಲ್ಲಿ ವೋಗ್ಲಿಬೋಸ್ ಇದೆ. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನಗೊಳಿಸುವುದರಿಂದ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಅಂಕಿ ಮೇಲೆ ಬಂದ ಮೇಲೆ ಏನಾದರೂ ಆಹಾರ ತಿನ್ನಲೇಬೇಕು, ಏಕೆಂದರೆ ಮಾತ್ರೆಯ ಪರಿಣಾಮ ಸಂಜೆಯವರೆಗೂ ಇರುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ತೀರ್ಥವನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಇದೇ ಮಹಿಳೆ ನಾಲ್ಕು ದಿನ ಮೊದಲು ವೈದ್ಯರನ್ನು ಕಂಡಿದ್ದರೆ ಏಕಾದಶಿ ಬೇರೆ ರೀತಿ ಸಾಗುತ್ತಿತ್ತು. ನಿರ್ಜಲ ಬೇಡ ಎನ್ನುತ್ತಿದ್ದರು. ಆ ದಿನ ಗ್ಲಿಮೆಪಿರೈಡ್ ಬಿಡಿಸುತ್ತಿದ್ದರು ಅಥವಾ ಕಡಿಮೆ ಮಾಡುತ್ತಿದ್ದರು, ಮೂತ್ರ ಹೆಚ್ಚಿಸುವ ಮಾತ್ರೆಯ ಬಗ್ಗೆ ಯೋಚಿಸುತ್ತಿದ್ದರು, ಮೂರು ನಾಲ್ಕು ಗಂಟೆಗೊಮ್ಮೆ ಹಾಲು, ಮಜ್ಜಿಗೆ, ಹಣ್ಣು ತೆಗೆದುಕೊಳ್ಳಲು ಹೇಳುತ್ತಿದ್ದರು. ವ್ರತವೂ ನಡೆಯುತ್ತಿತ್ತು.

ನಡೆಯುತ್ತಿತ್ತು ಎನ್ನಲು ಆಧಾರ ಶಾಸ್ತ್ರದಲ್ಲೇ ಇದೆ. ಏಕಾದಶಿಯ ಕಡ್ಡಾಯ ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಎಂಬ ವಚನ ಸಂಪ್ರದಾಯಸ್ಥರ ಮನೆಗಳಲ್ಲಿ ಪರಿಚಿತ. ನೀರು, ಗಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ, ಈ ಎಂಟರಿಂದ ವ್ರತ ಭಂಗವಾಗುವುದಿಲ್ಲ ಎಂಬ ಮಾತೂ ಇದೆ. ಪಟ್ಟಿಯ ಕೊನೆಯಲ್ಲಿ ಔಷಧವನ್ನು ಸೇರಿಸಿದವರಿಗೆ ಕಾಯಿಲೆಯ ಮನುಷ್ಯ ಕಣ್ಣ ಮುಂದಿದ್ದಿರಬೇಕು. ಪೂರ್ಣ ಉಪವಾಸ ಆಗದವರಿಗೆ ಒಂದು ಹೊತ್ತು ಉಣ್ಣುವ ಏಕಭುಕ್ತ, ರಾತ್ರಿ ಮಾತ್ರ ಉಣ್ಣುವ ನಕ್ತ ಎಂಬ ಮೆಟ್ಟಿಲುಗಳೂ ಇವೆ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇವೆರಡೂ ಸುರಕ್ಷಿತವಲ್ಲ. ಅವರಿಗೆ ಹೊಂದುವುದು ಹಲವು ಬಾರಿ ಸ್ವಲ್ಪಸ್ವಲ್ಪ ತೆಗೆದುಕೊಳ್ಳುವ ಫಲಾಹಾರ.

ಇಸ್ಲಾಮಿನಲ್ಲಿಯೂ ರೋಗಿಗೆ, ಪ್ರಯಾಣಿಕನಿಗೆ ರಂಜಾನ್ ಉಪವಾಸದಿಂದ ಕುರಾನ್ ವಿನಾಯಿತಿ ಕೊಟ್ಟಿದೆ. ಮಧುಮೇಹಿಗಳ ಉಪವಾಸದ ಬಗ್ಗೆ ವೈದ್ಯರ ಬಳಿ ಇರುವ ಅತ್ಯಂತ ವಿವರವಾದ ಮಾರ್ಗಸೂಚಿಯೂ ರಂಜಾನ್‌ಗಾಗಿ ಸಿದ್ಧವಾದದ್ದೇ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಸೇರಿ ಹೊರತಂದ 2021ರ ಆವೃತ್ತಿ ರೋಗಿಗಳನ್ನು ಅಪಾಯ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರಾಗಿ ವಿಂಗಡಿಸುತ್ತದೆ. ಸಕ್ಕರೆ 70ಕ್ಕಿಂತ ಇಳಿದರೂ 300 ಮೀರಿದರೂ ಉಪವಾಸ ಬಿಡಬೇಕು ಎನ್ನುತ್ತದೆ, ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲ ಎಂದು ಸ್ಪಷ್ಟಪಡಿಸುತ್ತದೆ. ಈ ಎರಡು ಅಂಕಿಗಳು ಏಕಾದಶಿಗೂ ಹೊಂದುತ್ತವೆ. ಒಂದು ವ್ಯತ್ಯಾಸ ಮಾತ್ರ ನೆನಪಿರಬೇಕು: ರಂಜಾನ್ ಉಪವಾಸ ಸೂರ್ಯಾಸ್ತಕ್ಕೆ ಮುಗಿಯುತ್ತದೆ, ಏಕಾದಶಿ ಮುಗಿಯುವುದಿಲ್ಲ.

ಫಲಾಹಾರ ಎಂದ ಕೂಡಲೇ ಎಲ್ಲವೂ ಸರಿ ಎಂದಲ್ಲ. ಸಬ್ಬಕ್ಕಿ ಮರಗೆಣಸಿನಿಂದ ತೆಗೆದ ಬರೀ ಪಿಷ್ಟ, ನಾರು ಪ್ರೋಟೀನು ಇಲ್ಲವೇ ಇಲ್ಲ ಎನ್ನಬಹುದು. ಇಡೀ ದಿನ ಹಸಿದು ಸಂಜೆ ಎರಡು ತಟ್ಟೆ ಸಬ್ಬಕ್ಕಿ ಉಪ್ಪಿಟ್ಟು, ಮೇಲೊಂದು ಲೋಟ ಸಬ್ಬಕ್ಕಿ ಪಾಯಸ ತೆಗೆದುಕೊಂಡರೆ ಬೆಳಗ್ಗೆ ಇಳಿದಿದ್ದ ಸಕ್ಕರೆ ರಾತ್ರಿ ವಿಪರೀತ ಏರುತ್ತದೆ. ಅವಲಕ್ಕಿ, ಆಲೂಗೆಡ್ಡೆ, ಖರ್ಜೂರಗಳದೂ ಹೆಚ್ಚುಕಡಿಮೆ ಅದೇ ದಾರಿ. ಯಾವುದು ಸಲ್ಲುತ್ತದೆ ಎಂಬುದು ಮನೆಮನೆಗೆ ಬೇರೆ, ಹಾಗಾಗಿ ವಿಡಿಯೊ ಪದಾರ್ಥವನ್ನು ನಿಷೇಧಿಸುವ ಬದಲು ಪ್ರಮಾಣವನ್ನು ಹೇಳುವುದು ಮೇಲು. ಒಂದು ಸಣ್ಣ ಬಟ್ಟಲು, ಜೊತೆಗೆ ಮೊಸರು ಅಥವಾ ಮನೆಯ ಪದ್ಧತಿಗೆ ಸಲ್ಲುವುದಾದರೆ ಕಡಲೆಕಾಯಿ. ಎಳನೀರು, ಬಾಳೆಹಣ್ಣು ಎಲ್ಲರಿಗೂ ಒಳ್ಳೆಯದು ಎಂಬ ಮಾತು ವಿಡಿಯೊಗಳಲ್ಲಿ ಬಹಳ ಸಲೀಸಾಗಿ ಬರುತ್ತದೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಕಾಯಿಲೆ ಮುಂದುವರಿದವರಲ್ಲಿ ಅದು ರಕ್ತದಲ್ಲಿ ಶೇಖರವಾಗಿ ಹೃದಯದ ಲಯ ಕೆಡಿಸಬಹುದು. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಿಪಿ ಇರುವವರಿಗೆ ಅದರಿಂದ ರಿಯಾಯಿತಿ ಇಲ್ಲ.

ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಉಪವಾಸ ಬೇಡವಾದವರು ಇದ್ದಾರೆ. ಬಸುರಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕಿಡ್ನಿ ಅಥವಾ ಹೃದಯ ದುರ್ಬಲವಾದವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಮೂರ್ಛೆರೋಗದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕಾದವರು. ವಯೋವೃದ್ಧರಲ್ಲಿ ಬಾಯಾರಿಕೆಯ ಅರಿವೇ ಕಡಿಮೆಯಾಗಿರುತ್ತದೆ. ‘ನನಗೇನೂ ದಾಹ ಇಲ್ಲ’ ಎಂಬುದು ಅವರಲ್ಲಿ ನೀರು ಸಾಕಷ್ಟಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮೂತ್ರ ಕಡುಹಳದಿಯಾಗಿ ಕಡಿಮೆಯಾಗುವುದು, ಎದ್ದು ನಿಂತಾಗ ತಲೆ ತಿರುಗುವುದು ನಿಜವಾದ ಸೂಚನೆ. ಬಚ್ಚಲಿಗೆ ಹೋಗುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದಕ್ಕೆ ಅಷ್ಟು ಸಾಕು. ಇನ್ನೊಂದು ಗುಂಪನ್ನು ವಿಡಿಯೊಗಳು ಎಂದೂ ನೆನೆಯುವುದಿಲ್ಲ. ತೂಕದ ಭಯದಿಂದ ಊಟವನ್ನೇ ದೂರವಿಡುವ ಮನೋವ್ಯಾಧಿಯಿಂದ ಚೇತರಿಸಿಕೊಳ್ಳುತ್ತಿರುವ ಹುಡುಗಿಯರು, ಹುಡುಗರು. ಅವರಿಗೆ ಉಪವಾಸ ಹಳೆಯ ಕಾಯಿಲೆಗೆ ಒಂದು ಗೌರವದ ನೆಪವಾಗುತ್ತದೆ.

ಇಷ್ಟೆಲ್ಲವನ್ನೂ ವಿಡಿಯೊದಲ್ಲಿ ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ಒಂದು ನಿಮಿಷದ ಮಾತು ಸಾಕು. ಅದು ಬರಹದಲ್ಲಲ್ಲ, ದನಿಯಲ್ಲಿ ಬರಬೇಕು. ಕೊನೆಯಲ್ಲಲ್ಲ, ವಿಧಾನ ಶುರುವಾಗುವ ಮೊದಲು ಬರಬೇಕು, ಏಕೆಂದರೆ ವಾಟ್ಸಾಪಿನಲ್ಲಿ ಹರಿದಾಡುವ ತುಣುಕುಗಳಿಗೆ ಕೊನೆ ಇರುವುದಿಲ್ಲ. ಹೆದರಿಸುವ ದನಿ ಕೆಲಸಕ್ಕೆ ಬರುವುದಿಲ್ಲ. ವ್ರತ ಬಿಟ್ಟರೆ ತಪ್ಪು ಮಾಡಿದೆನೆಂಬ ಕೊರಗು ಇರುವವರಿಗೆ ‘ಮಾಡಬೇಡಿ’ ಎಂದಷ್ಟೇ ಹೇಳಿದರೆ ಅವರು ಮನೆಯವರಿಗೆ ಹೇಳದೆ ಮಾಡುತ್ತಾರೆ, ಅಪಾಯ ಇಮ್ಮಡಿಯಾಗುತ್ತದೆ. ಮಾದರಿಗೆ ಹೀಗೆ ಹೇಳಬಹುದು:

“ವಿಧಾನಕ್ಕೆ ಹೋಗುವ ಮುಂಚೆ ಹಿರಿಯರಲ್ಲಿ ಒಂದು ಮಾತು. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು, ಕಿಡ್ನಿ, ಹೃದಯದ ತೊಂದರೆ ಇರುವವರು, ಬಸುರಿ ಬಾಣಂತಿಯರು ನಿರ್ಜಲ ಮಾಡಬೇಡಿ. ನೀರು, ಹಾಲು, ಹಣ್ಣು, ಔಷಧದಿಂದ ವ್ರತ ಕೆಡುವುದಿಲ್ಲ, ಶಾಸ್ತ್ರವೇ ನಿಮಗೆ ದಾರಿ ಬಿಟ್ಟಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಊಟ ಬಿಟ್ಟು ಎಂದಿನ ಮಾತ್ರೆ ನುಂಗಲೂ ಬೇಡಿ. ಏಕಾದಶಿಗೆ ಇನ್ನೂ ಸಮಯ ಇದೆ, ಮಾತ್ರೆಯ ಪಟ್ಟಿ ಸಮೇತ ಹೋಗಿ ನಿಮ್ಮ ಡಾಕ್ಟರನ್ನು ಕೇಳಿ. ಬೆವರು, ನಡುಕ, ಮಂಕು ಕಂಡರೆ ಪಾರಣೆಗೆ ಕಾಯದೆ ಕೂಡಲೇ ಗ್ಲೂಕೋಸ್ ನೀರು ಕುಡಿಯಿರಿ. ಅಂದು ಉಪವಾಸ ಆಗದಿದ್ದರೆ ಕೂತು ನಾಮ ಹೇಳಿ, ಹಾಡು ಹೇಳಿ, ಅದೂ ಏಕಾದಶಿಯೇ.”

ಈ ಮಾತಿಗೆ ವಿರುದ್ಧವಾದದ್ದು ಅದೇ ವಿಡಿಯೊದಲ್ಲಿ ಇರಬಾರದು. ಏಕಾದಶಿ ಮಾಡಿದರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ ಎಂಬ ಭರವಸೆ ಆ ಪೈಕಿ ಮೊದಲನೆಯದು. ಎರಡನೆಯದು ನೊಬೆಲ್ ಪ್ರಶಸ್ತಿಯ ಕತೆ. ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಒಡೆದು ಮರುಬಳಸುವ ಆಟೊಫಜಿ ಎಂಬ ಕ್ರಿಯೆ ಹೇಗೆ ನಡೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಅವರ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ. ಮನುಷ್ಯರು ಹದಿನೈದು ದಿನಕ್ಕೊಮ್ಮೆ ಉಪವಾಸವಿದ್ದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಅವರು ಹೇಳಿಲ್ಲ, ಪ್ರಶಸ್ತಿ ಅದಕ್ಕೆ ಬಂದದ್ದೂ ಅಲ್ಲ. ವ್ರತಕ್ಕೆ ಶ್ರದ್ಧೆಯ ಬೆಂಬಲವಿದೆ, ಯೀಸ್ಟಿನ ಸಾಕ್ಷಿ ಬೇಕಿಲ್ಲ.

ಉಳಿದದ್ದು ಬಿಡುಗಡೆಯ ಹೊತ್ತು. ಹೆಚ್ಚಿನ ವಿಡಿಯೊಗಳು ದಶಮಿಯ ಸಂಜೆ ಬರುತ್ತವೆ, ಆಗ ‘ಡಾಕ್ಟರನ್ನು ಕೇಳಿ’ ಎಂದರೆ ಕೇಳಲು ಸಮಯವಿಲ್ಲ. ಏಕಾದಶಿಯ ತಿಥಿ ಪಂಚಾಂಗದಲ್ಲಿ ವರ್ಷಕ್ಕೆ ಮೊದಲೇ ಗೊತ್ತಿರುತ್ತದೆ. ವಿಡಿಯೊ ಮಾಡುವವರು ದಯವಿಟ್ಟು ಸಪ್ತಮಿಯೊಳಗೆ ಹಾಕಿ. ನೋಡುವವರಲ್ಲಿ ಶುಗರ್ ಮಾತ್ರೆ ನುಂಗುವ ಹಿರಿಯರ ಮಕ್ಕಳಿದ್ದರೆ, ಮಾತ್ರೆಯ ಖಾಲಿ ಪಟ್ಟಿಗಳನ್ನು ಎಸೆಯದೆ ಒಂದು ಚೀಲದಲ್ಲಿಟ್ಟು ಡಾಕ್ಟರ ಬಳಿ ಒಯ್ಯಿರಿ.